ಪಿಡಿಎಫ್‌ನಲ್ಲಿ ಕಪ್ಪು ಪಟ್ಟಿ ಎಳೆದರೂ ಕೆಳಗಿನ ಅಕ್ಷರ ಕಾಪಿ ಆಗುತ್ತಿದೆ

ಶೋಭಾ (ಪ್ರಶ್ನೆ): 14 ಪುಟದ ಒಂದು ತನಿಖಾ ವರದಿ. ದೂರು ಕೊಟ್ಟವರ ಹೆಸರು, ಬ್ಯಾಂಕ್ ಖಾತೆ ಸಂಖ್ಯೆಗಳ ಮೇಲೆ ಉಚಿತ ಪಿಡಿಎಫ್ ರೀಡರ್‌ನಲ್ಲಿ ಕಪ್ಪು ಆಯತ ಎಳೆದು 6 ಜನರಿಗೆ ಮೇಲ್ ಮಾಡಿದ್ದೇವೆ. ಅವರಲ್ಲೊಬ್ಬರು ಕಪ್ಪು ಜಾಗವನ್ನು ಸೆಲೆಕ್ಟ್ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿದರೆ ಹೆಸರು ಹಾಗೇ ಬರುತ್ತಿದೆ ಎಂದು ತಿಳಿಸಿದ್ದಾರೆ. ಇದು ಹೇಗೆ ಸಾಧ್ಯ, ಸರಿಪಡಿಸುವುದು ಹೇಗೆ? ಮೂಲ ವರ್ಡ್ ಫೈಲ್ ನಮ್ಮಲ್ಲಿದೆ.

ಮಂಜುನಾಥ: ಸುಲಭ ಮೇಡಂ. ಆ ಪಿಡಿಎಫ್ ತೆರೆದು ಪ್ರಿಂಟ್ ಕೊಡಿ, ಪ್ರಿಂಟರ್ ಜಾಗದಲ್ಲಿ Microsoft Print to PDF ಆರಿಸಿ. ಆಯತ ಪುಟಕ್ಕೇ ಅಂಟಿಕೊಳ್ಳುತ್ತದೆ, ಆಮೇಲೆ ಯಾರೂ ಅದನ್ನು ಸರಿಸಲಾಗದು. ಜೊತೆಗೆ ಪಾಸ್‌ವರ್ಡ್ ಹಾಕಿ ಕಾಪಿ ಮಾಡುವ ಅನುಮತಿ ತೆಗೆದುಬಿಡಿ.

ವಿದ್ಯಾಧರ: ಮಂಜುನಾಥ್, ಆಯತ ಅಂಟಿಕೊಳ್ಳುತ್ತದೆ ಎನ್ನುವುದು ಸರಿ. ಆದರೆ ಅಪಾಯ ಇರುವುದು ಆಯತದಲ್ಲಲ್ಲ, ಅದರ ಕೆಳಗೆ. ಪಿಡಿಎಫ್ ಪುಟ ಎಂದರೆ ಒಂದರ ಮೇಲೊಂದು ಬಳಿಯುವ ಆದೇಶಗಳ ಪಟ್ಟಿ. ಶೋಭಾ ಅವರ ಫೈಲಿನ ಖಾತೆ ಸಂಖ್ಯೆಯ ಸಾಲು, ನೀವು ಹೇಳಿದಂತೆ ಪ್ರಿಂಟ್ ಮಾಡಿದ ಮೇಲೆ, ಒಳಗೆ ಹೆಚ್ಚುಕಡಿಮೆ ಹೀಗಿರುತ್ತದೆ:

```
BT /F1 11 Tf 72 640 Td (Account No: 0000123456) Tj ET
0 g
136 636 65 14 re f
```

ಮೊದಲ ಸಾಲು ಅಕ್ಷರ ಬರೆಯುತ್ತದೆ. ಎರಡನೆಯದು ಬಣ್ಣವನ್ನು ಕಪ್ಪು ಮಾಡುತ್ತದೆ. ಮೂರನೆಯದು 65 ಪಾಯಿಂಟ್ ಅಗಲ, 14 ಪಾಯಿಂಟ್ ಎತ್ತರದ ಆಯತ ತುಂಬುತ್ತದೆ. ಕಣ್ಣಿಗೆ ಕಾಣುವುದು ಕೊನೆಯಲ್ಲಿ ಬಳಿದದ್ದು. ಆದರೆ ಸೆಲೆಕ್ಟ್ ಮಾಡುವ ಉಪಕರಣ ಬಣ್ಣ ನೋಡುವುದೇ ಇಲ್ಲ, ಮೊದಲ ಸಾಲಿನಲ್ಲಿರುವ ಅಕ್ಷರಗಳನ್ನು ಎತ್ತಿಕೊಡುತ್ತದೆ. ಪ್ರಿಂಟ್ ಮಾಡುವ ಮೊದಲಿನ ಸ್ಥಿತಿ ಇನ್ನೂ ಕೆಟ್ಟದ್ದು: ರೀಡರ್‌ನಲ್ಲಿ ಎಳೆದ ಆಯತ ಪುಟದ ಭಾಗವಲ್ಲ, ಮೇಲೆ ಅಂಟಿಸಿದ ಟಿಪ್ಪಣಿ. ಕ್ಲಿಕ್ ಮಾಡಿ ಡಿಲೀಟ್ ಒತ್ತಿದರೆ ಹೋಯಿತು.

ಕಾಪಿ ಅನುಮತಿ ತೆಗೆಯುವುದನ್ನಂತೂ ರಕ್ಷಣೆ ಎಂದು ಲೆಕ್ಕಕ್ಕೇ ಹಿಡಿಯಬೇಡಿ. ತೆರೆಯಲು ಪಾಸ್‌ವರ್ಡ್ ಕೇಳದ ಫೈಲಿನಲ್ಲಿ ಆ ನಿರ್ಬಂಧವನ್ನು ಯಾವ ಪಾಸ್‌ವರ್ಡೂ ಇಲ್ಲದೆ ಹೀಗೆ ತೆಗೆಯಬಹುದು:

```
qpdf --decrypt varadi.pdf out.pdf
```

ಶೋಭಾ ಮೇಡಂ, ಮೂಲ ವರ್ಡ್ ಫೈಲ್ ಇದೆ ಎಂದಿರಲ್ಲ, ಹಾಗಿದ್ದರೆ ಪಿಡಿಎಫ್ ಮುಟ್ಟಲೇಬೇಡಿ. ವರ್ಡ್ ಫೈಲಿನ ಪ್ರತಿ ತೆಗೆದು, ಪ್ರತಿ ಹೆಸರನ್ನೂ ಸಂಖ್ಯೆಯನ್ನೂ ಅಳಿಸಿ ಆ ಜಾಗದಲ್ಲಿ [ತೆಗೆಯಲಾಗಿದೆ] ಎಂದು ಟೈಪ್ ಮಾಡಿ. ಅಳಿಸುವ ಮೊದಲು ಟ್ರ್ಯಾಕ್ ಚೇಂಜಸ್ ಆಫ್ ಇದೆಯೇ ನೋಡಿ. ಹಳೆಯ ಬದಲಾವಣೆಗಳನ್ನೆಲ್ಲ ಒಪ್ಪಿ ಮುಗಿಸಿ, ಕಾಮೆಂಟ್‌ಗಳನ್ನು ತೆಗೆದು, ಆಮೇಲೆ ಹೊಸ ಪಿಡಿಎಫ್ ಮಾಡಿ. ವರ್ಡ್‌ನಲ್ಲೇ ಕಪ್ಪು ಹೈಲೈಟ್ ಹಾಕಿ ಪಿಡಿಎಫ್ ಮಾಡಿದರೆ ಮಾತ್ರ ಮತ್ತೆ ಇದೇ ಕಥೆ.

ಶೋಭಾ: ತುಂಬಾ ಉಪಕಾರ ಸರ್. ಒಂದು ತೊಡಕಿದೆ. 9ರಿಂದ 14ನೇ ಪುಟ ಬೇರೆಯವರು ಕೊಟ್ಟ ಪಿಡಿಎಫ್, ಅದಕ್ಕೆ ವರ್ಡ್ ಮೂಲ ಇಲ್ಲ.

ವಿದ್ಯಾಧರ: ಆ 6 ಪುಟಗಳಿಗೆ ನಿಜವಾದ ರಿಡ್ಯಾಕ್ಷನ್ ಬೇಕು, ಎಂದರೆ ಮೊದಲ ಸಾಲಿನ ಅಕ್ಷರಗಳನ್ನೇ ಕಿತ್ತುಹಾಕುವ ಉಪಕರಣ. ಆಕ್ರೊಬ್ಯಾಟ್ ಪ್ರೊದಲ್ಲಿ ಅದು Redact. ಅಲ್ಲಿ ಕೆಲಸ ಎರಡು ಹಂತದ್ದು, ಮತ್ತು ಜನ ಎಡವುವುದು ಈ ಎರಡರ ನಡುವೆಯೇ. ಗುರುತು ಹಾಕುವುದು ಒಂದು, Apply ಒತ್ತುವುದು ಇನ್ನೊಂದು. ಗುರುತು ಹಾಕಿ ಸೇವ್ ಮಾಡಿದರೆ ಫೈಲಿನಿಂದ ಒಂದಕ್ಷರವೂ ಹೋಗಿರುವುದಿಲ್ಲ. Apply ಆದ ಮೇಲೆ ಅಡಗಿದ ಮಾಹಿತಿಯನ್ನೂ ತೆಗೆಯಲೇ ಎಂದು ಕೇಳುತ್ತದೆ, ಹೌದು ಎನ್ನಿ. ಹೊಸ ಹೆಸರಿನಲ್ಲಿ ಉಳಿಸಿ.

ಉಚಿತ ದಾರಿ ಬೇಕಿದ್ದರೆ ಪೈಥಾನ್‌ನ PyMuPDF ಸಾಕು:

```python
import pymupdf
d = pymupdf.open("varadi.pdf")
for p in d:
    for r in p.search_for("0000123456"):
        p.add_redact_annot(r, fill=(0, 0, 0))
    p.apply_redactions()
d.save("hosa.pdf", garbage=4, deflate=True)
```

ಇಲ್ಲೊಂದು ಎಚ್ಚರಿಕೆ. ಆಯತಕ್ಕೆ ಸ್ವಲ್ಪ ತಾಗಿದ ಅಕ್ಷರವನ್ನೂ ಇದು ಅಳಿಸುತ್ತದೆ. ಸಾಲುಗಳು ಒತ್ತೊತ್ತಾಗಿದ್ದರೆ ಮೇಲಿನ ಅಥವಾ ಕೆಳಗಿನ ಸಾಲಿನ ಅಕ್ಷರಗಳೂ ಹೋಗಿಬಿಡಬಹುದು. ಹಾಗಾದರೆ `r` ಆಯತವನ್ನು ಮೇಲೂ ಕೆಳಗೂ ಒಂದೆರಡು ಪಾಯಿಂಟ್ ಕುಗ್ಗಿಸಿ. ಮೂಲ ಫೈಲಿನ ಹೆಸರಿನಲ್ಲೇ ಉಳಿಸಬೇಡಿ. ಕೆಲವು ತಂತ್ರಾಂಶಗಳು ಸೇವ್ ಮಾಡುವಾಗ ಹಳೆಯದನ್ನು ಅಳಿಸದೆ ಬದಲಾವಣೆಯನ್ನು ಫೈಲಿನ ಬಾಲಕ್ಕೆ ಸೇರಿಸುತ್ತವೆ. ಆಗ ಹಿಂದಿನ ಪುಟ ಪೂರ್ತಿಯಾಗಿ ಒಳಗೇ ಕೂತಿರುತ್ತದೆ, ಯಾವ ರೀಡರೂ ತೋರಿಸದಿದ್ದರೂ ಬೇಕಾದವರು ತೆಗೆಯಬಲ್ಲರು.

ಇಮ್ರಾನ್: ನಮ್ಮ ಫೈಲ್‌ಗಳೆಲ್ಲ ಕಾಗದ ಸ್ಕ್ಯಾನ್ ಮಾಡಿದ್ದು. ಚಿತ್ರ ಮಾತ್ರ, ಅಕ್ಷರವೇ ಇಲ್ಲ. ಹಾಗಾಗಿ ನಮಗೆ ಈ ತಲೆನೋವು ಇಲ್ಲ ಅಂದುಕೊಂಡಿದ್ದೇನೆ. ಪೆನ್ ಉಪಕರಣದಲ್ಲಿ ಕಪ್ಪು ಗೀಚಿ ಕಳಿಸುತ್ತೇವೆ.

ವಿದ್ಯಾಧರ: ಇಮ್ರಾನ್ ಸರ್, ಒಂದು ಪುಟ ತೆರೆದು Ctrl+A ಒತ್ತಿ. ಚಿತ್ರದ ಸಾಲುಗಳ ಮೇಲೆ ನೀಲಿ ಪಟ್ಟಿ ಹಿಡಿದರೆ ನಿಮ್ಮ ಸ್ಕ್ಯಾನರ್ ಓಸಿಆರ್ ಮಾಡಿ, ಓದಿದ ಅಕ್ಷರಗಳನ್ನು ಕಾಣದ ಪದರವಾಗಿ ಇಟ್ಟಿದೆ ಎಂದರ್ಥ. ಹುಡುಕಲು ಅನುಕೂಲವಾಗಲಿ ಎಂದು ಎಷ್ಟೋ ಸ್ಕ್ಯಾನರ್‌ಗಳಲ್ಲಿ ಇದು ಆನ್ ಇರುತ್ತದೆ. ಇನ್ನು ಗೀಚಿದ ಗೆರೆ: ಅದು ಟಿಪ್ಪಣಿಯಾಗಿದ್ದರೆ ಎತ್ತಿದ ಕೂಡಲೇ ಕೆಳಗಿನ ಚಿತ್ರ ಪೂರ್ತಿ ಸಿಗುತ್ತದೆ. ಆದ್ದರಿಂದ ಸ್ಕ್ಯಾನ್ ಫೈಲಿನಲ್ಲಿ ತೆಗೆಯಬೇಕಾದದ್ದು ಎರಡು, ಪದರದ ಅಕ್ಷರ ಮತ್ತು ಚಿತ್ರದ ಆ ಭಾಗದ ಪಿಕ್ಸೆಲ್. ಮೇಲಿನ ಎರಡೂ ಉಪಕರಣಗಳು ಎರಡನ್ನೂ ಅಳಿಸುತ್ತವೆ. ಫೋನಿನ ಮಾರ್ಕರ್ ಪೆನ್ ಬಳಸುವವರಿಗೂ ಒಂದು ಮಾತು: ಅದು ಪೂರ್ತಿ ಕಪ್ಪಲ್ಲ, ತುಸು ಪಾರದರ್ಶಕ. ಹೊಳಪು ಹೆಚ್ಚಿಸಿದರೆ ಕೆಳಗಿನ ಬರಹ ಕಾಣುತ್ತದೆ.

ಶೋಭಾ: ಹೊಸ ಫೈಲ್ ಸಿದ್ಧವಾಯಿತು. Ctrl+F ಒತ್ತಿ ದೂರುದಾರರ ಹೆಸರು ಕನ್ನಡದಲ್ಲಿ ಹುಡುಕಿದೆ, ಒಂದೂ ಸಿಗಲಿಲ್ಲ. ಇನ್ನು ಕಳಿಸಬಹುದೇ?

ವಿದ್ಯಾಧರ: ಇನ್ನೂ ಬೇಡ. ಕನ್ನಡದಲ್ಲಿ ಹುಡುಕಿ ಸಿಗಲಿಲ್ಲ ಎಂದರೆ ಅಲ್ಲಿ ಇಲ್ಲ ಎಂದಲ್ಲ. ಪಿಡಿಎಫ್ ಇಟ್ಟುಕೊಳ್ಳುವುದು ಅಕ್ಷರದ ಆಕಾರಗಳನ್ನು. ಒತ್ತಕ್ಷರ, ಗುಣಿತ ಬಂದಲ್ಲಿ ಆಕಾರದಿಂದ ಯೂನಿಕೋಡ್‌ಗೆ ಮರಳುವಾಗ ಕ್ರಮ ಆಗಾಗ ಅದಲುಬದಲಾಗುತ್ತದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದಾದರೆ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಗೋಜಲು, ಕನ್ನಡದಲ್ಲಿ ಹುಡುಕಿದರೆ ಶೂನ್ಯವೇ. ಆದರೆ ಆ ಗೋಜಲನ್ನು ಕನ್ವರ್ಟರ್‌ಗೆ ಹಾಕಿದವರಿಗೆ ಹೆಸರು ಮರಳಿ ಸಿಗುತ್ತದೆ. ಮೇಲಿನ ಪೈಥಾನ್ ಹುಡುಕಾಟವೂ ಇದೇ ಕಾರಣಕ್ಕೆ ಕನ್ನಡ ಹೆಸರುಗಳನ್ನು ಬಿಟ್ಟುಬಿಡಬಹುದು. ಕನ್ನಡ ಪುಟಗಳಲ್ಲಿ ಆಯತವನ್ನು ಕೈಯಲ್ಲೇ ಗುರುತಿಸುವುದು ಕ್ಷೇಮ.

ಪರೀಕ್ಷೆ ಹೀಗೆ ಮಾಡಿ:

```
pdftotext -layout hosa.pdf hosa.txt
```

hosa.txt ತೆರೆದು, ಪಕ್ಕದಲ್ಲಿ ಪಿಡಿಎಫ್ ಇಟ್ಟುಕೊಂಡು, ಪ್ರತಿ ಕಪ್ಪು ಪಟ್ಟಿಯ ಹಿಂದಿನ ಮತ್ತು ಮುಂದಿನ ಪದವನ್ನು ಹುಡುಕಿ. ಆ ಎರಡರ ನಡುವೆ ಖಾಲಿ ಇರಬೇಕು. ಅರ್ಥವಾಗದ ಚಿಹ್ನೆಗಳಿದ್ದರೂ ಅದು ಸೋರಿಕೆಯೇ.

ಶೋಭಾ: ನಡುವೆ ಎಲ್ಲ ಕಡೆ ಖಾಲಿ ಇದೆ. ಆದರೆ ರೀಡರ್‌ನ ಎಡಬದಿಯ ಬುಕ್‌ಮಾರ್ಕ್ ಪಟ್ಟಿಯಲ್ಲಿ "ಹೇಳಿಕೆ 3" ಎನ್ನುವ ಶೀರ್ಷಿಕೆಯ ಪಕ್ಕ ಹೆಸರು ಹಾಗೇ ಇದೆ!

ವಿದ್ಯಾಧರ: ಒಳ್ಳೆಯ ಕಣ್ಣು ಮೇಡಂ. ಬುಕ್‌ಮಾರ್ಕ್ ಪುಟದಲ್ಲಿರುವುದಿಲ್ಲ, ಆದ್ದರಿಂದ pdftotext ಅದನ್ನು ಕೊಡುವುದಿಲ್ಲ. 2021ರ ಜನವರಿಯಲ್ಲಿ ಯುರೋಪಿಯನ್ ಕಮಿಷನ್ ಆಸ್ಟ್ರಾಜೆನೆಕಾ ಲಸಿಕೆ ಒಪ್ಪಂದವನ್ನು ಪ್ರಕಟಿಸಿದಾಗ ಕಪ್ಪು ಮಾಡಿದ ಭಾಗಗಳು ಹೊರಬಿದ್ದದ್ದು ಬುಕ್‌ಮಾರ್ಕ್‌ಗಳಿಂದಲೇ. ಶೀರ್ಷಿಕೆಯಲ್ಲಿ ಹೆಸರು ಉಳಿದಿದ್ದರೆ ವರ್ಡ್‌ನಲ್ಲಿ ಬದಲಿಸಿ ಪಿಡಿಎಫ್ ಮತ್ತೆ ಮಾಡಿ. ಹೊರಗಿನಿಂದ ಬಂದ 6 ಪುಟಗಳದ್ದಾದರೆ ಬುಕ್‌ಮಾರ್ಕನ್ನೇ ಅಳಿಸಿ. ಹಾಗೆಯೇ ಫೈಲಿನ ಪ್ರಾಪರ್ಟೀಸ್‌ನಲ್ಲಿ ಶೀರ್ಷಿಕೆ, ಲೇಖಕರ ಹೆಸರು ನೋಡಿ, ಲಗತ್ತುಗಳಿದ್ದರೆ ತೆರೆದು ನೋಡಿ.

ಗಾಯತ್ರಿ: ಇನ್ನೊಂದು ಸೇರಿಸುತ್ತೇನೆ. ಅಕ್ಷರ ಕಿತ್ತ ಮೇಲೂ ಖಾಲಿ ಜಾಗದ ಅಗಲ ಉಳಿಯುತ್ತದೆ. ವಿದ್ಯಾಧರ್ ಸರ್ ಕೊಟ್ಟ ಸಾಲಿನಲ್ಲೇ ನೋಡಿ. ಹೆಲ್ವೆಟಿಕಾ 11 ಪಾಯಿಂಟ್‌ನಲ್ಲಿ ಒಂದು ಅಂಕಿಗೆ ಸುಮಾರು 6.1 ಪಾಯಿಂಟ್. ಮುಂದಿನ ಪದ ಎಲ್ಲಿ ಶುರುವಾಗುತ್ತದೆ ಎಂದು ಅಳೆದರೆ ನಡುವೆ ಸುಮಾರು 61 ಪಾಯಿಂಟ್ ಬಿಟ್ಟಿದೆ ಎಂದು ತಿಳಿಯುತ್ತದೆ, ಅಂದರೆ 10 ಅಂಕಿ. ಖಾತೆ ಸಂಖ್ಯೆಗೆ ಇದರಿಂದ ದೊಡ್ಡ ಹಾನಿಯಿಲ್ಲ. ಹೆಸರಿನಲ್ಲಿ ಹಾಗಲ್ಲ. ಪ್ರತಿ ಅಕ್ಷರದ ಅಗಲ ಬೇರೆ, ಸಂಶಯಕ್ಕೆ ಬರುವವರು ನಾಲ್ಕೇ ಜನರಿದ್ದರೆ ಯಾರ ಹೆಸರು ಆ ಜಾಗಕ್ಕೆ ಸರಿಹೊಂದುತ್ತದೆ ಎಂದು ಲೆಕ್ಕ ಹಾಕಬಹುದು. ಹಾಗಾಗಿ ಎಲ್ಲವನ್ನೂ 300 ಡಿಪಿಐ ಚಿತ್ರ ಮಾಡಿ ಕಳಿಸುವುದೇ ವಾಸಿ ಎನ್ನುತ್ತೇನೆ.

ವಿದ್ಯಾಧರ: ಅಗಲದ ಮಾತು ಒಪ್ಪಿದೆ. ಹೆಸರಿನ ಜಾಗದಲ್ಲಿ ಒಂದೇ ಅಳತೆಯ [ತೆಗೆಯಲಾಗಿದೆ] ಹಾಕಲು ಹೇಳಿದ್ದೂ ಅದಕ್ಕೇ, ಸಾಲು ಹೊಸದಾಗಿ ಹರಿದುಕೊಳ್ಳುತ್ತದೆ, ಹಳೆಯ ಅಗಲ ಉಳಿಯುವುದಿಲ್ಲ. ಆದರೆ ಚಿತ್ರ ಮಾಡಿದ ಮಾತ್ರಕ್ಕೆ ಅಗಲ ಮಾಯವಾಗದು, 300 ಡಿಪಿಐನಲ್ಲೂ ಹತ್ತಿರದ ಅಳತೆ ಸಿಗುತ್ತದೆ. ಮೇಲಾಗಿ ಸ್ಕ್ರೀನ್ ರೀಡರ್ ಬಳಸುವ ಅಂಧ ಓದುಗರಿಗೆ ಚಿತ್ರದ ಪುಟ ಖಾಲಿ ಪುಟವಿದ್ದಂತೆ.

ಗಾಯತ್ರಿ: ಅದು ನಿಜ. ಚಿತ್ರ ಮಾಡಿದ ಮೇಲೆ ಹೊಸದಾಗಿ ಓಸಿಆರ್ ಮಾಡಿದರೆ ಓದಬಹುದಲ್ಲ? ಕಪ್ಪಿನ ಕೆಳಗಿನದನ್ನು ಅದು ಓದಲಾರದು. ನನಗಂತೂ ಬುಕ್‌ಮಾರ್ಕ್, ಹಳೆಯ ಆವೃತ್ತಿ, ಲಗತ್ತು ಎಲ್ಲ ಒಂದೇ ಏಟಿಗೆ ಹೋಗುವುದು ಹೆಚ್ಚು ನೆಮ್ಮದಿ.

ವಿದ್ಯಾಧರ: ಇಂಗ್ಲಿಷ್ ಪುಟಕ್ಕೆ ಸರಿ. ಕನ್ನಡ ಓಸಿಆರ್ ಒತ್ತಕ್ಷರಗಳಲ್ಲಿ ತಪ್ಪುವುದರಿಂದ ನಾನು ಈಗಲೂ ಅಕ್ಷರ ಉಳಿಸುವ ಪಕ್ಷ. ಪುಟ ಕಡಿಮೆ ಇದ್ದು, ಸೋರಿದರೆ ಯಾರದಾದರೂ ಜೀವಕ್ಕೇ ಅಪಾಯ ಎನ್ನುವಂತಿದ್ದರೆ ಮಾತ್ರ ನಿಮ್ಮ ದಾರಿ ಹಿಡಿಯುತ್ತೇನೆ.

ಶೋಭಾ: ಮೊದಲು ಹೋದ 6 ಮೇಲ್‌ಗಳನ್ನು ಹಿಂಪಡೆದರೆ ಸಾಕೇ?

ವಿದ್ಯಾಧರ: ಹಿಂಪಡೆಯುವ ಸೌಲಭ್ಯ ಬೇರೆ ಮೇಲ್ ಸೇವೆಗಳಿಗೆ ಹೋದದ್ದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಡೌನ್‌ಲೋಡ್ ಆದ ಪ್ರತಿಯನ್ನಂತೂ ಇಲ್ಲವೇ ಇಲ್ಲ. ಆರೂ ಜನರಿಗೆ ಅಳಿಸಲು ಬರೆದು, ಯಾರಿಗಾದರೂ ಮುಂದೆ ಕಳಿಸಿದ್ದಾರೆಯೇ ಎಂದು ಕೇಳಿ. ಖಾತೆ ಸಂಖ್ಯೆ, ಹೆಸರು ಹೊರಗೆ ಹೋಗಿವೆ ಎಂದೇ ಹಿಡಿದು ದೂರುದಾರರಿಗೆ ಇವತ್ತೇ ತಿಳಿಸಿ. ಹೊಸ ಫೈಲಿನ ಹೆಸರು ಹಳೆಯದಕ್ಕಿಂತ ಬೇರೆಯಾಗಿರಲಿ, ಇಲ್ಲದಿದ್ದರೆ ಯಾರ ಬಳಿ ಯಾವ ಪ್ರತಿ ಇದೆ ಎಂದು ಆಮೇಲೆ ತಿಳಿಯುವುದಿಲ್ಲ.