ಐದು ಪಂದ್ಯಕ್ಕೇ ಶೇ 80 ಎನ್ನುವ ಶೀಟ್: ಸರಾಸರಿಯತ್ತ ಎಷ್ಟು ಎಳೆಯಬೇಕು?

ಗಾಂಧಿಬಜಾರ್_ಶೀಟ್ (ಶಿವಮೊಗ್ಗ)

ನಮಸ್ಕಾರ. ಐಪಿಎಲ್ ಸಮಯದಲ್ಲಿ ನಾವು ಕೆಲವು ಗೆಳೆಯರು, ಹಣದ ಮಾತಿಲ್ಲದೆ, ಪ್ರತಿ ಪಂದ್ಯಕ್ಕೂ ಮುನ್ನ ಯಾವ ತಂಡ ಗೆಲ್ಲುವ ಸಾಧ್ಯತೆ ಎಷ್ಟೆಂದು ಬರೆದಿಡುತ್ತೇವೆ. ಪಂದ್ಯ ಮುಗಿದ ಮೇಲೆ, ಗೆದ್ದರೆ 1, ಸೋತರೆ 0 ಎಂದಿಟ್ಟುಕೊಂಡು, ಬರೆದ ಸಂಖ್ಯೆಗೂ ಫಲಿತಾಂಶಕ್ಕೂ ಇರುವ ವ್ಯತ್ಯಾಸದ ವರ್ಗವನ್ನು ದಂಡವಾಗಿ ಸೇರಿಸುತ್ತಾ ಹೋಗುತ್ತೇವೆ. ಕಣ್ಣು ಮುಚ್ಚಿ ಪ್ರತಿ ಸಲವೂ 0.50 ಎಂದು ಬರೆದವರಿಗೆ ಪಂದ್ಯಕ್ಕೆ 0.25 ದಂಡ ಬೀಳುತ್ತದೆ. ನನ್ನ ಎಕ್ಸೆಲ್ ಶೀಟಿನ ದಂಡ ಮೊದಲ ಮೂರು ವಾರಗಳಲ್ಲಿ ಅದಕ್ಕಿಂತಲೂ ಹೆಚ್ಚಾಗಿದೆ.

ಶೀಟಿನಲ್ಲಿ ಗೆದ್ದ ಪಂದ್ಯಗಳನ್ನು ಆಡಿದ ಪಂದ್ಯಗಳಿಂದ ಭಾಗಿಸಿ ತಂಡದ ಬಲ ಎಂದು `D` ಕಾಲಂನಲ್ಲಿ ಇಟ್ಟುಕೊಂಡಿದ್ದೇನೆ. ಎರಡು ತಂಡಗಳನ್ನು ಹೋಲಿಸುವ ಸೂತ್ರ ಇದು:

```
=D2*(1-D3)/(D2*(1-D3)+D3*(1-D2))
```

ಐದರಲ್ಲಿ ನಾಲ್ಕು ಗೆದ್ದ ತಂಡಕ್ಕೆ ಸಾಧಾರಣ ತಂಡದ ಎದುರು ಶೇ 80 ಬರುತ್ತದೆ. ಆದರೆ ಶೀಟ್ ಶೇ 75ಕ್ಕಿಂತ ಹೆಚ್ಚು ಎಂದ ಪಂದ್ಯಗಳನ್ನು ಬೇರೆ ತೆಗೆದು ಎಣಿಸಿದರೆ, ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಹಾಗೆ ನಡೆದಿವೆ. ಸೂತ್ರದಲ್ಲಿ ಏನು ತಪ್ಪಿದೆ?

ಕೊಪ್ಪ_ಕಾಫಿ

ಸೂತ್ರ ಸರಿಯಾಗಿಯೇ ಇದೆ, ಆತುರ ನಿಮ್ಮದು. ಎಲ್ಲ ತಂಡಗಳೂ ಏಳೇಳು ಪಂದ್ಯ ಆಡಿ ಮುಗಿಸುವವರೆಗೆ ಎಲ್ಲಕ್ಕೂ 0.50 ಎಂದೇ ಬರೆಯಿರಿ, ಎಂಟನೆಯ ಪಂದ್ಯದಿಂದ ಶೀಟ್ ಬಳಸಿ. ಅರ್ಧ ಲೀಗ್ ಮುಗಿದ ಮೇಲೆ ಅಂಕಪಟ್ಟಿ ಸುಳ್ಳು ಹೇಳುವುದಿಲ್ಲ.

ಆಗುಂಬೆ_ಮಳೆ

ಇದು ನೆಟ್ ರನ್‌ರೇಟ್ ಸೇರಿಸದ ಸಮಸ್ಯೆ ಎಂದು ನನಗೆ ತೋರುತ್ತದೆ. ಅಂಕ ಸಮವಾದಾಗ ಯಾರು ಮೇಲೆ ಎಂಬುದನ್ನು ಅದೇ ತೀರ್ಮಾನಿಸುತ್ತದಲ್ಲವೇ? ಅದಕ್ಕೊಂದು ಕಾಲಂ ಹಾಕಿ ನೋಡಿ.

ತುಂಗಾತೀರ (ತೀರ್ಥಹಳ್ಳಿ)

ಅಂಕಪಟ್ಟಿಯಲ್ಲಿ ಯಾರು ಮೇಲಿರಬೇಕು ಎಂಬುದು ಇಲ್ಲಿನ ಪ್ರಶ್ನೆಯಲ್ಲ ಸರ್, ಮುಂದಿನ ಪಂದ್ಯ ಯಾರದು ಎಂಬುದು. ರನ್ ಅಂತರದ ಉಪಯೋಗ ಬೇರೆಯೇ ಇದೆ, ಕೊನೆಗೆ ಹೇಳುತ್ತೇನೆ.

ಕೊಪ್ಪದವರು ರೋಗವನ್ನು ಸರಿಯಾಗಿ ಹಿಡಿದಿದ್ದಾರೆ. ಆದರೆ ಏಳು ಪಂದ್ಯಗಳ ಗಡಿಯ ಆಚೆ ಏನಾಗುತ್ತದೆಂದು 2024ರಲ್ಲೇ ನೋಡಿ. ಎಂಟೆಂಟು ಪಂದ್ಯ ಮುಗಿದಾಗ ರಾಜಸ್ಥಾನ ರಾಯಲ್ಸ್ ಏಳು ಗೆದ್ದಿತ್ತು, ಆರ್‌ಸಿಬಿ ಒಂದು ಗೆದ್ದಿತ್ತು. ಆಗ ಅವೆರಡೂ ಎದುರಾಗಿದ್ದರೆ ಮೇಲಿನ ಸೂತ್ರ ರಾಜಸ್ಥಾನಕ್ಕೆ ಶೇ 98 ಕೊಡುತ್ತಿತ್ತು. ಆ ಎಂಟನೆಯ ಪಂದ್ಯವನ್ನು ಆರ್‌ಸಿಬಿ ಈಡನ್ ಗಾರ್ಡನ್ಸ್‌ನಲ್ಲಿ ಒಂದೇ ಒಂದು ರನ್ನಿನಿಂದ ಸೋತಿತ್ತು ಎಂಬುದು ಶೀಟಿಗೆ ಗೊತ್ತೇ ಇಲ್ಲ. ಗಡಿ ಹಾಕುವವರು ಏಳನೆಯ ಪಂದ್ಯದವರೆಗೆ ಏನನ್ನೂ ನಂಬುವುದಿಲ್ಲ, ಎಂಟನೆಯದರಲ್ಲಿ ಎಲ್ಲವನ್ನೂ ನಂಬುತ್ತಾರೆ. ಬೇಕಾದದ್ದು ಪಂದ್ಯದಿಂದ ಪಂದ್ಯಕ್ಕೆ ನಿಧಾನವಾಗಿ ಏರುವ ನಂಬಿಕೆ.

ಅದಕ್ಕೆ ಪ್ರತಿ ತಂಡದ ಖಾತೆಗೂ, ಅರ್ಧ ಗೆದ್ದು ಅರ್ಧ ಸೋತ ಕಲ್ಪಿತ ಪಂದ್ಯಗಳನ್ನು ಮೊದಲೇ ಸೇರಿಸಬೇಕು. ಆ ಕಲ್ಪಿತ ಪಂದ್ಯಗಳ ಸಂಖ್ಯೆಯನ್ನು `H1`ರಲ್ಲಿ ಇಡಿ. ಗೆಲುವು `B` ಕಾಲಂನಲ್ಲಿ, ಆಡಿದ ಪಂದ್ಯ `C` ಕಾಲಂನಲ್ಲಿ ಇದ್ದರೆ ತಂಡದ ಬಲ ಹೀಗಾಗುತ್ತದೆ:

```
=(B2+$H$1/2)/(C2+$H$1)
```

`H1`ರಲ್ಲಿ 30 ಇಟ್ಟರೆ ರಾಜಸ್ಥಾನದ ಬಲ 22/38, ಅಂದರೆ 0.58ಕ್ಕೆ ಇಳಿಯುತ್ತದೆ, ಆರ್‌ಸಿಬಿಯದು 16/38, ಅಂದರೆ 0.42ಕ್ಕೆ ಏರುತ್ತದೆ. ಅವುಗಳ ನಡುವಿನ ಪಂದ್ಯದಲ್ಲಿ ರಾಜಸ್ಥಾನಕ್ಕೆ ಶೇ 98ರ ಬದಲು ಸುಮಾರು ಶೇ 65 ಬರುತ್ತದೆ.

ಗಾಂಧಿಬಜಾರ್_ಶೀಟ್ (ಶಿವಮೊಗ್ಗ)

ಧನ್ಯವಾದ. ಆದರೆ 30 ಎಂಬ ಸಂಖ್ಯೆ ಎಲ್ಲಿಂದ ಬಂತು? ಹತ್ತು ಇಟ್ಟರೂ ಎಳೆದಂತೆಯೇ ಆಗುತ್ತದಲ್ಲ. ಎಂಟು ಪಂದ್ಯಗಳ ದಾಖಲೆಗೆ ಇಲ್ಲದ ಮೂವತ್ತು ಪಂದ್ಯ ಸೇರಿಸುವುದೆಂದರೆ ನಡೆದದ್ದನ್ನೇ ಮರೆಸಿದ ಹಾಗೆ ಕಾಣುತ್ತದೆ.

ಭದ್ರಾವತಿ_ಅಭಿಮಾನಿ

ಎಂಟು ಪಂದ್ಯಗಳ ನಂತರ ಆರ್‌ಸಿಬಿ ಸತತ ಆರು ಗೆದ್ದು ಪ್ಲೇಆಫ್‌ಗೆ ಹೋದದ್ದನ್ನು ಮರೆತಿರಾ ಮಾರಾಯ್ರೆ? ರಾಜಸ್ಥಾನ ಲೀಗ್ ಹಂತದಲ್ಲಿ ಆಮೇಲೆ ಗೆದ್ದದ್ದು ಒಂದೇ ಪಂದ್ಯ, ಸತತ ನಾಲ್ಕು ಸೋತಿತು, ಕೊನೆಯದು ಮಳೆಗೆ ಹೋಯಿತು. ಸರಾಸರಿಯ ನಿಯಮವೇ ಅದು. ಸೋತವರು ಮುಂದೆ ಗೆದ್ದು ಲೆಕ್ಕ ಸರಿದೂಗಿಸಲೇಬೇಕು.

ತುಂಗಾತೀರ (ತೀರ್ಥಹಳ್ಳಿ)

ಭದ್ರಾವತಿಯವರಿಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಈ ಗೊಂದಲ ಶೀಟಿನೊಳಕ್ಕೆ ನುಗ್ಗಿದರೆ ದಂಡ ಮತ್ತೆ ಏರುತ್ತದೆ. ಎಳೆದ ಮೇಲೂ ಆರ್‌ಸಿಬಿಯ ಬಲ 0.42, ಅಂದರೆ ಅರ್ಧಕ್ಕಿಂತ ಕಡಿಮೆಯೇ. ಉಳಿದ ಆರು ಪಂದ್ಯಗಳಲ್ಲಿ ಸರಾಸರಿ ಎರಡೂವರೆ ಗೆಲುವನ್ನಷ್ಟೇ ಅದು ನಿರೀಕ್ಷಿಸುತ್ತಿತ್ತು. ಆರಕ್ಕೆ ಆರು ಗೆಲ್ಲುತ್ತದೆಂದು ಯಾವ ಎಳೆತವೂ ಹೇಳಿರಲಿಲ್ಲ. ಹಳೆಯ ಸೋಲುಗಳ ಸಾಲವನ್ನು ಮುಂದಿನ ಪಂದ್ಯಗಳು ತೀರಿಸುವುದಿಲ್ಲ. ನಾವು ತಿದ್ದುತ್ತಿರುವುದು ನಮ್ಮ ಅಂದಾಜನ್ನು. ಎಲ್ಲರ ನೆನಪಿನಲ್ಲಿ ಉಳಿಯುವಷ್ಟು ನಾಟಕೀಯವಾದ ಒಂದು ವರ್ಷವನ್ನು ಸೂತ್ರದ ಪುರಾವೆಯಾಗಿ ಬಳಸುವುದೂ ತರವಲ್ಲ. ಶೇ 98 ಎಷ್ಟು ಅಸಂಬದ್ಧವೆಂದು ತೋರಿಸಲು ಮಾತ್ರ ನಾನು ಅದನ್ನು ತೆಗೆದುಕೊಂಡೆ.

ಈಗ 30ರ ವಿಷಯ. ಅದನ್ನು ಅಂಕಪಟ್ಟಿಯಿಂದಲೇ ಹುಡುಕಬೇಕು. ಹತ್ತೂ ತಂಡಗಳು ನಿಜಕ್ಕೂ ಸಮಬಲದವು, ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದಂತೆ ತೀರ್ಮಾನವಾಗುತ್ತದೆ ಎಂದುಕೊಳ್ಳಿ. ಆಗಲೂ 14 ಪಂದ್ಯಗಳ ಕೊನೆಗೆ ಎಲ್ಲರಿಗೂ 14 ಅಂಕ ಬರುವುದಿಲ್ಲ, ಕೆಲವರಿಗೆ 18, ಕೆಲವರಿಗೆ 8 ಬರುತ್ತದೆ. ಪ್ರತಿ ತಂಡ 14 ಅಂಕದಿಂದ ಎಷ್ಟು ದೂರವಿದೆ ಎಂಬುದರ ವರ್ಗ ಮಾಡಿ ಹತ್ತನ್ನೂ ಕೂಡಿದರೆ, ಬರಿಯ ನಾಣ್ಯದಾಟದಲ್ಲಿ ಆ ಮೊತ್ತ ಸರಾಸರಿ 140 ಆಗುತ್ತದೆ. ತಂಡಗಳ ಬಲದಲ್ಲಿ ನಿಜವಾದ ಅಂತರವಿದ್ದರೆ ಮೊತ್ತ ಅದಕ್ಕಿಂತ ಹೆಚ್ಚಬೇಕು.

2024ರ ಪಟ್ಟಿಯಲ್ಲಿ ಕೋಲ್ಕತ್ತ 20, ಹೈದರಾಬಾದ್ ಮತ್ತು ರಾಜಸ್ಥಾನ 17, ನಾಲ್ಕು ತಂಡಗಳು 14, ಗುಜರಾತ್ 12, ಪಂಜಾಬ್ 10, ಮುಂಬೈ 8. ದೂರಗಳ ವರ್ಗ ಅನುಕ್ರಮವಾಗಿ 36, ಎರಡು 9, ನಾಲ್ಕು ಸೊನ್ನೆ, 4, 16, 36. ಒಟ್ಟು 110. ಮಳೆಗೆ ಹೋದ ಮೂರು ಪಂದ್ಯಗಳನ್ನು ಲೆಕ್ಕಕ್ಕೆ ಹಿಡಿದರೆ ನಾಣ್ಯದಾಟದ ಮೊತ್ತ 134ಕ್ಕೆ ಇಳಿಯುತ್ತದೆ, ಆದರೂ 110 ಅದಕ್ಕಿಂತ ಕಡಿಮೆಯೇ. ಹತ್ತು ತಂಡಗಳಾದ 2022ರಿಂದ 2025ರವರೆಗೆ ಇದೇ ಲೆಕ್ಕ ಮಾಡಿದರೆ 152, 118, 110, 152 ಬರುತ್ತದೆ. ನಾಲ್ಕು ವರ್ಷಗಳ ಸರಾಸರಿ 133.

ಹಾಗೆಂದು ಎಲ್ಲ ತಂಡಗಳೂ ಸಮವೆಂದು ನಾನು ಹೇಳಲಾರೆ, ಏಕೆಂದರೆ ನಾಲ್ಕು ಪಟ್ಟಿಗಳೂ ಸಣ್ಣ ಮಾದರಿಯೇ, ಮೊತ್ತ ಅದೃಷ್ಟದಿಂದ ಕುಸಿದಿರಬಹುದು. ಆದ್ದರಿಂದ ಅಂತರವನ್ನು ಉದಾರವಾಗಿ ಇಟ್ಟುಕೊಂಡೆ: ತಂಡಗಳ ನಿಜಬಲ 0.50ರಿಂದ ಆಚೀಚೆ 0.09ರಷ್ಟು ಚದುರಿದೆ ಎಂದುಕೊಂಡೆ. ಅಷ್ಟಿದ್ದರೆ ಮೊತ್ತ ಸುಮಾರು 200 ಆಗಬೇಕಿತ್ತು, ನಾಲ್ಕರಲ್ಲಿ ಒಂದು ವರ್ಷವೂ ಆಗಿಲ್ಲ. 0.25ನ್ನು 0.09ರ ವರ್ಗದಿಂದ ಭಾಗಿಸಿ ಒಂದು ಕಳೆದರೆ 30 ಸಿಗುತ್ತದೆ. ಹತ್ತು ಇಡಬೇಕಾದರೆ ಚದುರುವಿಕೆ 0.15 ಇರಬೇಕು, ಈ ಪಟ್ಟಿಗಳಲ್ಲಿ ಅದರ ಸುಳಿವಿಲ್ಲ.

ಗಾಂಧಿಬಜಾರ್_ಶೀಟ್ (ಶಿವಮೊಗ್ಗ)

ಹಾಕಿ ನೋಡಿದೆ. ಶೇ 80 ಎನ್ನುತ್ತಿದ್ದ ತಂಡ ಈಗ 19/35, ಅಂದರೆ ಶೇ 54 ಎನ್ನುತ್ತಿದೆ. ದಂಡ ಇಳಿಯುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಎಲ್ಲ ಸಂಖ್ಯೆಗಳೂ 45 ಮತ್ತು 55ರ ನಡುವೆ ಬಂದು ಕೂತರೆ ನನ್ನ ಶೀಟಿಗೂ ಕಣ್ಣು ಮುಚ್ಚಿ ಬರೆಯುವವನಿಗೂ ಏನು ವ್ಯತ್ಯಾಸ?

ತುಂಗಾತೀರ (ತೀರ್ಥಹಳ್ಳಿ)

ಐದು ಸೋಲು-ಗೆಲುವುಗಳಲ್ಲಿ ಇರುವ ಮಾಹಿತಿ ಅಷ್ಟೇ. 14 ಪಂದ್ಯ ಮುಗಿದಾಗಲೂ ನಡೆದ ಪಂದ್ಯಗಳಿಗೆ ಸಿಗುವ ತೂಕ 14/44, ಮೂರನೇ ಒಂದಕ್ಕಿಂತ ಕಡಿಮೆ. ಹೆಚ್ಚು ತಿಳಿಯಬೇಕಾದರೆ ಹೆಚ್ಚು ಮಾಹಿತಿ ತುಂಬಬೇಕು. ಆಗುಂಬೆಯವರು ಹೇಳಿದ ರನ್ ಅಂತರ ಇಲ್ಲಿ ಕೆಲಸಕ್ಕೆ ಬರುತ್ತದೆ: ಒಂದು ರನ್ನಿನ ಸೋಲು ಮತ್ತು ಎಂಬತ್ತು ರನ್ನಿನ ಸೋಲು ನಿಮ್ಮ ಶೀಟಿನಲ್ಲಿ ಈಗ ಒಂದೇ. ಆದರೆ ರನ್ ಅಂತರವನ್ನೂ ಎಳೆಯದೆ ಬಳಸಿದರೆ ಒಂದೇ ಒಂದು ದೊಡ್ಡ ಗೆಲುವು ಇಡೀ ಕಾಲಂ ಅನ್ನು ಆಳುತ್ತದೆ. ಎರಡನೆಯ ಇನಿಂಗ್ಸ್‌ನಲ್ಲಿ ಗೆದ್ದ ತಂಡದ ಅಂತರವನ್ನು ವಿಕೆಟ್‌ಗಳಿಂದ ರನ್ನಿಗೆ ಪರಿವರ್ತಿಸುವ ಕಷ್ಟವೂ ಇದೆ.

ಸಾಗರ_ವಾಲಿಬಾಲ್

ನಮ್ಮ ಕಡೆ ಮಳೆಗಾಲ ಮುಗಿದ ಮೇಲೆ ಊರೂರುಗಳ ನಡುವೆ ವಾಲಿಬಾಲ್ ಲೀಗ್ ನಡೆಸುತ್ತೇವೆ. ಆರು ತಂಡ, ತಲಾ ಹತ್ತು ಪಂದ್ಯ. ಕಳೆದ ಸಲದ ಅಂಕಗಳು 20, 14, 12, 8, 4, 2. ಒಂದು ತಂಡದಲ್ಲಿ ಕಾಲೇಜು ತಂಡದ ಹುಡುಗರೇ ನಾಲ್ವರಿದ್ದಾರೆ, ಮೊದಲ ಎರಡು ಪಂದ್ಯದಲ್ಲೇ ಚಾಂಪಿಯನ್ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ನಾನೂ 30 ಇಟ್ಟೆ, ಆ ತಂಡ ಎಲ್ಲ ಹತ್ತೂ ಗೆದ್ದ ಮೇಲೂ ಶೀಟ್ ಶೇ 63 ಎನ್ನುತ್ತಿದೆ. ಇದು ನಗೆಪಾಟಲಲ್ಲವೇ?

ತುಂಗಾತೀರ (ತೀರ್ಥಹಳ್ಳಿ)

30 ಐಪಿಎಲ್‌ನ ಸಂಖ್ಯೆ ಮೇಡಂ. ಹರಾಜು ಮತ್ತು ಸಂಬಳದ ಮಿತಿಯಿಂದ ತಂಡಗಳನ್ನು ಬೇಕೆಂದೇ ಸಮಗೊಳಿಸಿದ ಟೂರ್ನಿಗೆ ಅದು ಸರಿ. ನಿಮ್ಮ ಪಟ್ಟಿಯಲ್ಲಿ ದೂರಗಳ ವರ್ಗ ಕೂಡಿದರೆ 224, ನಾಣ್ಯದಾಟದಲ್ಲಿ ಬರಬೇಕಾದದ್ದು 60. ಅಂತರ ನಿಜವಾದದ್ದು ಎಂಬುದು ಅಲ್ಲೇ ಕಾಣುತ್ತದೆ. ಲೆಕ್ಕ ಹಾಕಿದರೆ ನಿಮ್ಮ ಕಲ್ಪಿತ ಪಂದ್ಯಗಳು ಎರಡೂ ಚಿಲ್ಲರೆ. ಎರಡು ಅಥವಾ ಮೂರು ಇಡಿ. ಎರಡು ಇಟ್ಟರೆ ಮೊದಲ ಎರಡು ಪಂದ್ಯ ಗೆದ್ದ ತಂಡ ಶೇ 75ಕ್ಕೆ ಬರುತ್ತದೆ, ಹತ್ತೂ ಗೆದ್ದರೆ ಶೇ 92ರ ಹತ್ತಿರ. ಒಂದೇ ವರ್ಷದ ಪಟ್ಟಿ ಇದು, ಹಿಂದಿನ ವರ್ಷಗಳದ್ದೂ ಸಿಕ್ಕರೆ ಸೇರಿಸಿ ನೋಡಿ.

ಕೊಪ್ಪ_ಕಾಫಿ

ಹಾಗಿದ್ದರೆ ಮಹಾರಾಜ ಟ್ರೋಫಿಯಲ್ಲೂ ಆರು ತಂಡ, ಹತ್ತು ಪಂದ್ಯ. ನಮ್ಮ ಶಿವಮೊಗ್ಗ ಲಯನ್ಸ್‌ಗೆ ಸಾಗರದವರ ಎರಡನ್ನೇ ಇಡಬಹುದೇ?

ತುಂಗಾತೀರ (ತೀರ್ಥಹಳ್ಳಿ)

ಇಡಬೇಡಿ. ತಂಡಗಳ ಸಂಖ್ಯೆ ಒಂದೇ ಆಗಿರುವುದರಿಂದ ಏನೂ ಸಿಗುವುದಿಲ್ಲ, ಅಂಕಗಳು ಎಷ್ಟು ಚದುರಿವೆ ಎಂಬುದೇ ಮುಖ್ಯ. ಅಲ್ಲಿಯೂ ಆಟಗಾರರನ್ನು ಹರಾಜಿನಲ್ಲೇ ಹಂಚುತ್ತಾರೆ, ಹಾಗಾಗಿ ನನ್ನ ಊಹೆ ಐಪಿಎಲ್‌ನ ಸಂಖ್ಯೆಗೇ ಹತ್ತಿರ. ಆದರೆ ಪಟ್ಟಿಗಳನ್ನು ಕೂಡಿಸಿ ನೋಡದೆ ಹೇಳುವುದಿಲ್ಲ.

ಗಾಂಧಿಬಜಾರ್_ಶೀಟ್ (ಶಿವಮೊಗ್ಗ)

ಕೊನೆಯ ಪ್ರಶ್ನೆ. ಎಲ್ಲರನ್ನೂ 0.50ಕ್ಕೇ ಎಳೆಯಬೇಕೇ? ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೂ ಚಾಂಪಿಯನ್ನರಿಗೂ ಒಂದೇ ಆರಂಭ ಕೊಡುವುದು ಸರಿ ಕಾಣುವುದಿಲ್ಲ.

ತುಂಗಾತೀರ (ತೀರ್ಥಹಳ್ಳಿ)

ದೊಡ್ಡ ಹರಾಜಿನ ಬಳಿಕ ಆಡಿದ 2022 ಮತ್ತು 2025ರಂಥ ವರ್ಷಗಳಲ್ಲಿ ನಾನು 0.50 ಬಿಟ್ಟು ಬೇರೆ ಇಡುವುದಿಲ್ಲ, ಏಕೆಂದರೆ ಹೆಸರು ಒಂದೇ ಆದರೂ ತಂಡ ಬೇರೆಯೇ. ನಡುವಿನ ವರ್ಷಗಳಲ್ಲಿ ಹಿಂದಿನ ವರ್ಷದ ಎಳೆದ ಬಲವನ್ನು ಅರ್ಧದಷ್ಟು ಹತ್ತಿರ ತಂದು ಆರಂಭಿಸುತ್ತೇನೆ: ಕೊನೆಗೆ 0.56 ಇದ್ದವರಿಗೆ 0.53. ಆ ಅರ್ಧಕ್ಕೆ ಲೆಕ್ಕದ ಆಧಾರವಿಲ್ಲ, ಅಂದಾಜು ಅಷ್ಟೇ.

ಕೊಪ್ಪ_ಕಾಫಿ

ನನಗೆ ಅದೂ ಜಾಸ್ತಿ ಎನಿಸುತ್ತದೆ. ನಾಲ್ಕು ವರ್ಷಗಳ ಪಟ್ಟಿಯಲ್ಲಿ ಅಂತರವೇ ಕಾಣದಿದ್ದ ಮೇಲೆ ಹಿಂದಿನ ವರ್ಷದಿಂದ ಹೊತ್ತು ತರುವುದಾದರೂ ಏನನ್ನು?

ಸಾಗರ_ವಾಲಿಬಾಲ್

ನಮ್ಮಲ್ಲಿ ಬೇರೆ ತೊಂದರೆ. ಪರೀಕ್ಷೆ ಬಂದರೆ ಆ ನಾಲ್ವರು ಹುಡುಗರು ಲೀಗಿನ ನಡುವೆಯೇ ಹಾಸ್ಟೆಲ್‌ಗೆ ಮರಳುತ್ತಾರೆ. ಆಮೇಲೆ ಆಡುವ ತಂಡಕ್ಕೆ ಹಳೆಯ ಗೆಲುವುಗಳನ್ನು ಎಣಿಸಬೇಕೇ?

ತುಂಗಾತೀರ (ತೀರ್ಥಹಳ್ಳಿ)

ನಾನಾದರೆ ಅವರು ಹೋದ ದಿನದಿಂದ ಅದನ್ನು ಹೊಸ ತಂಡವೆಂದೇ ಬರೆದು, 0.50ರಿಂದ ಮತ್ತೆ ಶುರು ಮಾಡುತ್ತೇನೆ. ಉಳಿದ ಆಟಗಾರರು ಎಂಥವರೆಂದು ನಿಮಗೇ ಗೊತ್ತಿದ್ದರೆ 0.45 ಇಡಿ. ಅದನ್ನು ಶೀಟ್ ಹೇಳಿಕೊಡುವುದಿಲ್ಲ.