ಸಹಾಯ ಬೇಕು: 31ಕ್ಕೆ ಕಟ್ಟುವ ಬಿಲ್‌ಗೆ ಪ್ರತಿ ತಿಂಗಳೂ ತಪ್ಪದ ರಿಮೈಂಡರ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿರುವ ನಮ್ಮ ಅಂಗಡಿಯ ಇಂಟರ್ನೆಟ್ ಬಿಲ್ಲನ್ನು 31ರೊಳಗೆ, ಆ ತಾರೀಖು ಇಲ್ಲದ ತಿಂಗಳಲ್ಲಿ ಕೊನೆಯ ದಿನದೊಳಗೆ ಕಟ್ಟಬೇಕು. ಮಾರ್ಚ್ 31ರಿಂದ ‘ಪ್ರತಿ ತಿಂಗಳು’ ಎಂದು ಫೋನಿನ ಕ್ಯಾಲೆಂಡರಿನಲ್ಲಿ ರಿಮೈಂಡರ್ ಇಟ್ಟಿದ್ದೆ. ಏಪ್ರಿಲ್ 30ರಂದು ಅದು ಬರಲೇ ಇಲ್ಲ, ದಂಡ ತೆರಬೇಕಾಯಿತು. ಮುಂದಿನ ತಿಂಗಳುಗಳನ್ನು ತೆರೆದು ನೋಡಿದಾಗ, 31 ಇಲ್ಲದ ಜೂನ್, ಸೆಪ್ಟೆಂಬರ್, ನವೆಂಬರ್, ಫೆಬ್ರವರಿಗಳಲ್ಲಿಯೂ ಅದು ಹಿಂದಿನ ದಿನಕ್ಕೆ ಸರಿಯದೆ ಆ ತಿಂಗಳನ್ನೇ ಬಿಟ್ಟುಬಿಟ್ಟಿರುವುದು ತಿಳಿಯಿತು.

28ಕ್ಕೆ ಇಡಬಹುದಿತ್ತು, ಆದರೆ ನಮಗೆ ಹಣ ಕೈಸೇರುವುದೇ ತಿಂಗಳ ಕೊನೆಗೆ. ಹಾಗಾಗಿ ಸದ್ಯಕ್ಕೆ ಪ್ರತಿ ತಿಂಗಳ 1ಕ್ಕೆ ಇಡೀ ದಿನದ ಕಾರ್ಯಕ್ರಮವೊಂದನ್ನು ಇಟ್ಟು, ಸೂಚನೆ ಒಂದು ದಿನ ಮುಂಚೆ ಬೆಳಿಗ್ಗೆ 9ಕ್ಕೆ ಬರುವಂತೆ ಮಾಡಿದ್ದೇನೆ. 1ರ ಹಿಂದಿನ ದಿನ ಯಾವಾಗಲೂ ಕೊನೆಯ ದಿನವೇ ಆಗಿರುತ್ತದೆ. ಆದರೆ ಕ್ಯಾಲೆಂಡರಿನಲ್ಲಿ ಬಿಲ್ಲು 1ರಂದು ಕಾಣುವುದರಿಂದ ಮನೆಯವರಿಗೆ ಗೊಂದಲವಾಗುತ್ತಿದೆ. ಕ್ಯಾಲೆಂಡರ್ ಫೈಲಿನ ನಿಯಮದಲ್ಲಿ ಕೊನೆಯ ದಿನವನ್ನು ಹೀಗೆ ಬರೆಯುತ್ತಾರೆ:

```
RRULE:FREQ=MONTHLY;BYMONTHDAY=-1
```

ಇದನ್ನು ಕಂಪ್ಯೂಟರಿಲ್ಲದೆ, ಫೋನಿನಲ್ಲಿಯೇ ಹೊಂದಿಸಿಕೊಂಡವರು ಯಾರಾದರೂ ಇದ್ದರೆ, ಯಾವ ಆ್ಯಪ್‌ನಲ್ಲಿ ಹೇಗೆ ಮಾಡಿದಿರಿ ಎಂದು ದಯವಿಟ್ಟು ತಿಳಿಸಿ.