ಅಪ್‌ಡೇಟ್: ನನಗೆ ನಾನೇ ಕೇಳಿಕೊಂಡ ಪ್ರಶ್ನೆಗಳಿಂದ ಕೊನೆಗೂ ನೆನಪು ಹೊರಬಂದ ಬಗೆ

ನನ್ನ ಪ್ರಶ್ನೆ ಇದಾಗಿತ್ತು: "ಅಜ್ಜನ ಕುರಿತು ಪ್ರಬಂಧ ಬರೆಯಲು ಇಪ್ಪತ್ತು ಪ್ರಶ್ನೆ ಮಾಡಿಕೊಂಡಿದ್ದೇನೆ, ಆದರೆ ಪ್ರತಿ ಉತ್ತರವೂ ಒಂದೇ ಸಾಲಿಗೆ ಮುಗಿಯುತ್ತಿದೆ. ಏನು ಮಾಡಲಿ?"

ಇಪ್ಪತ್ತನ್ನೂ ಒಂದೇ ಸಲ ಕುಳಿತು ಮುಗಿಸುವ ಸಲಹೆ ನನಗೆ ಫಲಿಸಲಿಲ್ಲ. "ಅಜ್ಜ ಎಂಥವರು?" ಎಂದರೆ "ಶಾಂತ ಸ್ವಭಾವದವರು" ಎಂಬ ಅಭಿಪ್ರಾಯವಷ್ಟೇ ಬರುತ್ತಿತ್ತು. ಪ್ರಶ್ನೆಯನ್ನು ಒಂದು ಜಾಗಕ್ಕೂ ಒಂದು ಕೆಲಸಕ್ಕೂ ಕಟ್ಟಿಹಾಕಿ ಎಂದವರ ಮಾತೇ ಕೆಲಸ ಮಾಡಿತು. "ಹೊಲಿಗೆ ಯಂತ್ರದ ಮುಂದೆ ಕುಳಿತಾಗ ಅವರ ಎಡಗೈ ಎಲ್ಲಿರುತ್ತಿತ್ತು?" ಎಂದು ಗಟ್ಟಿಯಾಗಿ ಕೇಳಿಕೊಂಡು, ಉತ್ತರವನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತ, ಮಾತು ನಿಂತಲ್ಲೆಲ್ಲ "ಆಮೇಲೆ?" ಎಂದು ಸೇರಿಸುತ್ತಾ ಹೋದೆ. ಬಟ್ಟೆಯನ್ನು ಒತ್ತಿಹಿಡಿದ ಬೆರಳು, ತುಟಿಗಳ ನಡುವಿನ ಗುಂಡುಸೂಜಿ, ಅದರಿಂದಾಗಿ ನನ್ನ ಮಾತಿಗೆ ಅವರು ಬರೀ ತಲೆಯಾಡಿಸುತ್ತಿದ್ದುದು, ಹೀಗೆ ಒಂದರ ಹಿಂದೊಂದು ಬಂದವು. ಆ ಶಾಂತ ಸ್ವಭಾವದಲ್ಲಿ ಗುಂಡುಸೂಜಿಯ ಪಾಲೂ ಇತ್ತೆಂದು ಆಗ ಹೊಳೆಯಿತು!

ಅಚ್ಚರಿಯ ಸಂಗತಿ ಇನ್ನೊಂದು. "ಕತ್ತರಿ ಕಳೆದಾಗ ಅವರು ಎಷ್ಟು ಕೋಪಗೊಂಡರು?" ಎಂದು ಕೇಳಿಕೊಂಡ ಮರುದಿನವೇ ಅವರ ಸಿಟ್ಟಿನ ಮುಖ ಸ್ಪಷ್ಟವಾಗಿ "ನೆನಪಾಯಿತು". ಅಂದು ಜೊತೆಗಿದ್ದ ಅತ್ತೆಯನ್ನು ವಿಚಾರಿಸಿದರೆ, ಅಜ್ಜ ನಕ್ಕಿದ್ದರಂತೆ. ಉತ್ತರವನ್ನು ಒಳಗೇ ಬಚ್ಚಿಟ್ಟುಕೊಂಡ ಅಂಥ ಪ್ರಶ್ನೆಗಳನ್ನು ಪಟ್ಟಿಯಿಂದ ತೆಗೆದು, "ಕತ್ತರಿ ಕಳೆದಾಗ ಏನಾಯಿತು?" ಎಂದಷ್ಟೇ ಉಳಿಸಿಕೊಂಡಿದ್ದೇನೆ. ಪ್ರಬಂಧವು ಮೂರೇ ಪ್ರಶ್ನೆಗಳ ಉತ್ತರದಿಂದ ಪೂರ್ಣಗೊಂಡಿತು. ಪಟ್ಟಿಯಲ್ಲಿ ಉಳಿದವು ಹಾಗೆಯೇ ಇವೆ.